ಕೈಯಲ್ಲಿ ನಲವತ್ತೇ ದಿನ: ಹಳೆಯ ವೇಳಾಪಟ್ಟಿಯನ್ನು ಏನು ಮಾಡಬೇಕು?

ಪ್ರಶ್ನೆ: ಕೆಎಎಸ್ ಪ್ರಿಲಿಮ್ಸ್‌ಗೆ ಓದುತ್ತಿದ್ದೇನೆ, ಜೊತೆಗೆ ಖಾಸಗಿ ಕೆಲಸವೂ ಇದೆ. ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಯಿತು. ಇನ್ನೂ ಮೂರು ತಿಂಗಳು ಸಿಗುತ್ತದೆ ಎಂದು ನಿಧಾನವಾಗಿ ಓದುತ್ತಿದ್ದೆ. ಈಗ ಇದ್ದಕ್ಕಿದ್ದಂತೆ ದಿನಾಂಕ ಬಂದಿದೆ, 40 ದಿನ ಮಾತ್ರ ಉಳಿದಿದೆ. ಪ್ರಾಚೀನ ಇತಿಹಾಸ, ವಿಜ್ಞಾನ ಮುಟ್ಟಿಯೇ ಇಲ್ಲ. ಮೊದಲು ಓದಿದ್ದು ಮರೆತಂತಿದೆ. ಹಳೆಯ ವೇಳಾಪಟ್ಟಿಯನ್ನೇ ವೇಗವಾಗಿ ಮುಗಿಸಲೇ?
— ಓದುಗರು, ಹಾವೇರಿ

ಉತ್ತರ: ಬೇಡ. ತೊಂಬತ್ತು ದಿನಕ್ಕೆ ಹಾಕಿದ ಪಟ್ಟಿಯನ್ನು ನಲವತ್ತು ದಿನಕ್ಕೆ ತುರುಕಿದರೆ ಮೊದಲು ಬಲಿಯಾಗುವುದು ಪುನರಾವರ್ತನೆ. ಹೊಸ ಪಾಠಗಳು ಪಟ್ಟಿಯ ಮೊದಲಲ್ಲಿರುತ್ತವೆ, ಪುನರಾವರ್ತನೆ ಕೊನೆಯಲ್ಲಿ. ಸಮಯ ಕಡಿಮೆಯಾದಾಗ ಕತ್ತರಿ ಬೀಳುವುದು ಕೊನೆಗೇ. ಪರೀಕ್ಷೆಯ ಕೊಠಡಿಯಲ್ಲಿ ಅಂಕ ಕೊಡುವುದೋ ಆ ಕೊನೆಯ ಭಾಗ.

ಹಾಗಾಗಿ ಮೊದಲ ಎರಡು ದಿನ ಏನನ್ನೂ ಹೊಸದಾಗಿ ಓದಬೇಡಿ. ಹಿಂದಿನ ಒಂದು ಪ್ರಶ್ನೆಪತ್ರಿಕೆ ತೆಗೆದುಕೊಂಡು ಎರಡು ಗಂಟೆ ಗಡಿಯಾರ ಇಟ್ಟು ಬರೆಯಿರಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಓದೇ ಇಲ್ಲ, ಓದಿದ್ದೆ ಆದರೆ ಮರೆತೆ, ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡೆ. ಈ ಮೂರು ಗುರುತುಗಳು ಹೇಳುವಷ್ಟನ್ನು ಯಾವ ಸಿದ್ಧ ವೇಳಾಪಟ್ಟಿಯೂ ಹೇಳಲಾರದು.

ಒಂದು ಲೆಕ್ಕ ನೋಡಿ. ಮೊದಲ ಪತ್ರಿಕೆಯ 100 ಪ್ರಶ್ನೆಗಳಲ್ಲಿ ನಿಮಗೆ 46 ಸರಿ, 38 ತಪ್ಪು ಬಂದು, 16 ಬಿಟ್ಟಿದ್ದೀರಿ ಎಂದುಕೊಳ್ಳೋಣ. ಪ್ರತಿ ಪ್ರಶ್ನೆಗೆ 2 ಅಂಕ, ತಪ್ಪಿಗೆ ಅದರ ಕಾಲು ಭಾಗ, ಅಂದರೆ ಅರ್ಧ ಅಂಕ ಕಡಿತ. 92ರಲ್ಲಿ 19 ಹೋಗಿ ಉಳಿದದ್ದು 73. ಆ 38 ತಪ್ಪುಗಳಲ್ಲಿ 17 'ಓದಿದ್ದೆ, ಮರೆತೆ' ಗುಂಪಿನವಾದರೆ, ಅವನ್ನು ಸರಿಪಡಿಸಿದಾಗ ಪ್ರತಿಯೊಂದಕ್ಕೂ ಎರಡೂವರೆ ಅಂಕ ಸಿಗುತ್ತದೆ: 2 ಬರುತ್ತದೆ, ಅರ್ಧ ಉಳಿಯುತ್ತದೆ. ಒಟ್ಟು 42.5. ಅಂಕ 73ರಿಂದ 115.5ಕ್ಕೆ ಹೋಯಿತು, ಒಂದೂ ಹೊಸ ಅಧ್ಯಾಯ ತೆರೆಯದೆ. ಹದಿನೇಳನ್ನೂ ಮರಳಿ ಪಡೆಯಲಾಗದಿರಬಹುದು. ಅರ್ಧ ಸಿಕ್ಕರೂ ಲಾಭವೇ. ಒಮ್ಮೆ ಓದಿ ಅರ್ಧ ನೆನಪಿರುವುದನ್ನು ಗಟ್ಟಿ ಮಾಡಿಕೊಳ್ಳಲು ಹಿಡಿಯುವ ಸಮಯ, ಮೊದಲಿಂದ ಓದಲು ಹಿಡಿಯುವುದಕ್ಕಿಂತ ಬಹಳ ಕಡಿಮೆ. 'ಮರೆತೆ' ಗುಂಪು ದೊಡ್ಡದಿದ್ದರೆ ನಿಮ್ಮ ನಲವತ್ತು ದಿನದ ಕೆಲಸ ಅದೇ. 'ಓದೇ ಇಲ್ಲ' ಗುಂಪು ದೊಡ್ಡದಿದ್ದರೆ ಮಾತ್ರ ಹೊಸ ಪಾಠಕ್ಕೆ ಹೆಚ್ಚು ಪಾಲು ಕೊಡಿ.

ಈಗ ಸಮಯದ ಲೆಕ್ಕ. ದಿನ ಎಣಿಸಬೇಡಿ, ಗಂಟೆ ಎಣಿಸಿ. ಕೆಲಸದ ದಿನ ನಾಲ್ಕು ಗಂಟೆ, ಭಾನುವಾರ ಎಂಟು ಎಂದರೆ 34 ದಿನಕ್ಕೆ 136, ಆರು ಭಾನುವಾರಕ್ಕೆ 48, ಒಟ್ಟು 184. ಇದರಲ್ಲಿ ಮನೆಯ ಕೆಲಸ, ನೆಂಟರು, ಜ್ವರ, ಕಚೇರಿಯ ಹೆಚ್ಚುವರಿ ಹೊರೆ ಎಂದು ಐದನೇ ಒಂದು ಭಾಗ ಹೋಗುತ್ತದೆ. ನಿಜವಾಗಿ ಕೈಗೆ ಬರುವುದು 150 ಗಂಟೆಯ ಆಸುಪಾಸು. ಹಲವರ ಪಟ್ಟಿ ಮೊದಲ ವಾರದಲ್ಲೇ ಮುರಿದು ಬೀಳುವುದು ಈ ಐದನೇ ಒಂದನ್ನು ಕಳೆಯದೆ ಬರೆದದ್ದರಿಂದ.

150 ಗಂಟೆಯನ್ನು ಅಂಕ ನೋಡಿ ಹಂಚಬೇಕು. ಎರಡೂ ಪತ್ರಿಕೆ ಸೇರಿ 400 ಅಂಕ. ಮೊದಲನೆಯದರಲ್ಲಿ ರಾಷ್ಟ್ರೀಯ, ಅಂತಾರಾಷ್ಟ್ರೀಯ ಪ್ರಚಲಿತ ವಿದ್ಯಮಾನಕ್ಕೆ 80, ಮಾನವಿಕ ವಿಷಯಗಳಿಗೆ 120. ಎರಡನೆಯದರಲ್ಲಿ ರಾಜ್ಯದ ವಿಷಯಗಳಿಗೆ 80, ವಿಜ್ಞಾನ ಮತ್ತು ಪರಿಸರಕ್ಕೆ 60, ಮಾನಸಿಕ ಸಾಮರ್ಥ್ಯಕ್ಕೆ 60. ನಿಮ್ಮ ಸ್ಥಿತಿಯಲ್ಲಿ ನಾನಾದರೆ ಹೀಗೆ ಹಂಚುತ್ತಿದ್ದೆ: ಓದಿದ್ದನ್ನು ಮತ್ತೆ ನೋಡಲು 60 ಗಂಟೆ, ಪ್ರಚಲಿತ ವಿದ್ಯಮಾನಕ್ಕೆ 24, ಮಾನಸಿಕ ಸಾಮರ್ಥ್ಯಕ್ಕೆ 22, ಮುಟ್ಟದೇ ಇದ್ದ ವಿಷಯಗಳಿಗೆ 20, ಅಣಕು ಪರೀಕ್ಷೆಗೆ 24.

ಮಾನಸಿಕ ಸಾಮರ್ಥ್ಯಕ್ಕೆ ಇಷ್ಟೇಕೆ ಎಂದು ಕೇಳಬಹುದು. ಅದು ಎಸ್ಸೆಸ್ಸೆಲ್ಸಿ ಮಟ್ಟದ ಗಣಿತ ಮತ್ತು ತರ್ಕ. ಓದಿದರೆ ಬರುವುದಿಲ್ಲ, ಕೈಯಲ್ಲಿ ಮಾಡಿದರಷ್ಟೇ ಬರುತ್ತದೆ. ಕೊನೆಯ ವಾರಕ್ಕೆ ಇಟ್ಟರೆ ವೇಗ ಬರುವುದಿಲ್ಲ, ಆದ್ದರಿಂದ ದಿನಕ್ಕೆ ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು, ಪ್ರತಿದಿನ.

ಪ್ರಾಚೀನ ಇತಿಹಾಸವನ್ನು ಮೊದಲ ಪುಟದಿಂದ ಹಿಡಿದು ಓದಲು ಹೋಗಬೇಡಿ. ಹಿಂದಿನ ಪತ್ರಿಕೆಗಳಲ್ಲಿ ಆ ಭಾಗದಿಂದ ಬಂದ ಪ್ರಶ್ನೆಗಳನ್ನು ಒಟ್ಟುಮಾಡಿ, ಮತ್ತೆ ಮತ್ತೆ ಬರುವ ನಾಲ್ಕೈದು ವಿಷಯಗಳನ್ನು ಆರಿಸಿ, ಎಂಟು ಗಂಟೆಯಲ್ಲಿ ಮುಗಿಸಿ. ಉಳಿದ ಹನ್ನೆರಡು ವಿಜ್ಞಾನಕ್ಕೆ. ಉಳಿದದ್ದನ್ನು ಬಿಡುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದೇ ಬಿಡಿ. ಹೇಳದೆ ಬಿಟ್ಟ ಪಾಠ ರಾತ್ರಿ ಮಲಗಲು ಬಿಡುವುದಿಲ್ಲ, ಬರೆದು ಬಿಟ್ಟದ್ದು ಅಷ್ಟು ಕಾಡುವುದಿಲ್ಲ.

ನಾಲ್ಕು ಭಾನುವಾರ ಎರಡೂ ಪತ್ರಿಕೆಗಳನ್ನು ಒಂದೇ ದಿನ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬರೆಯಿರಿ. ಪ್ರತಿ ಸಲ ಆ ಮೂರು ಗುರುತುಗಳನ್ನು ಮತ್ತೆ ಎಣಿಸಿ. 'ಮರೆತೆ' ಕಡಿಮೆಯಾಗುತ್ತಿದ್ದರೆ ಯೋಜನೆ ಸರಿಯಾಗಿದೆ. ಎರಡನೇ ಭಾನುವಾರವೂ ಅದು ಇಳಿಯದಿದ್ದರೆ ನೀವು ಪುಟ ತಿರುವುತ್ತಿದ್ದೀರಿ, ನೆನಪಿಸಿಕೊಳ್ಳುತ್ತಿಲ್ಲ ಎಂದರ್ಥ. ಪುಸ್ತಕ ಮುಚ್ಚಿ ಒಂದು ಖಾಲಿ ಹಾಳೆಯಲ್ಲಿ ಆ ಪಾಠದ ಮುಖ್ಯ ಅಂಶಗಳನ್ನು ಬರೆದು, ಆಮೇಲೆ ತೆರೆದು ನೋಡುವ ಅಭ್ಯಾಸಕ್ಕೆ ಬನ್ನಿ. ಮೂವತ್ತಾರನೇ ದಿನದ ನಂತರ ಹೊಸ ವಿಷಯ ಬೇಡ.

ಮತ್ತೊಂದು ಮಾತು, ಯಾಕೆಂದರೆ ದಿನಾಂಕ ಇನ್ನೊಮ್ಮೆ ಸರಿಯಲೂಬಹುದು. 2024ರಲ್ಲಿ ಕೆಎಎಸ್ ಪ್ರಿಲಿಮ್ಸ್ ದಿನಾಂಕ ಮತ್ತೆ ಮತ್ತೆ ಬದಲಾಗಿ ಆಗಸ್ಟ್ 27ರಂದು ನಡೆಯಿತು. ಕನ್ನಡ ಅನುವಾದದ ತಪ್ಪುಗಳ ಗದ್ದಲದ ನಂತರ ಅದೇ ಡಿಸೆಂಬರ್ 29ರಂದು ಮರುಪರೀಕ್ಷೆಯೂ ಆಯಿತು. ಪರೀಕ್ಷೆ ಮುಂದಕ್ಕೆ ಹೋದಾಗ ಹಲವರು ಮಾಡುವುದು ಎರಡೇ: ಹದಿನೈದು ದಿನ ಪುಸ್ತಕ ಮುಚ್ಚಿಡುವುದು, ಇಲ್ಲವೇ ಮೊದಲ ಅಧ್ಯಾಯದಿಂದ ಮತ್ತೆ ಶುರುಮಾಡುವುದು. ಎರಡರಿಂದಲೂ ನೀವು ಈಗ ಗಟ್ಟಿ ಮಾಡಿಕೊಂಡದ್ದು ಸೋರಿಹೋಗುತ್ತದೆ. ಹಾಗೇನಾದರೂ ಆದರೆ ಮೂರು ದಿನ ವಿಶ್ರಾಂತಿ ತೆಗೆದುಕೊಂಡು, ದಿನಾಂಕವೇ ಬೇಡದ ವಾರದ ಪಟ್ಟಿಗೆ ಬನ್ನಿ. ವಾರಕ್ಕೆ ಎರಡು ಹೊಸ ವಿಷಯ, ನಾಲ್ಕು ಹಳೆಯವು, ಒಂದು ಅಣಕು ಪರೀಕ್ಷೆ. ಪ್ರಚಲಿತ ವಿದ್ಯಮಾನದ ಪಟ್ಟಿ ಪರೀಕ್ಷೆ ತಡವಾದಷ್ಟೂ ಬೆಳೆಯುತ್ತದೆ, ಅದನ್ನು ವಾರವಾರ ಮುಗಿಸಿಬಿಡಿ. ಹೊಸ ದಿನಾಂಕವನ್ನು ಆಯೋಗದ ಜಾಲತಾಣದಲ್ಲಿ ನೋಡಿದ ಮೇಲೆ ಮಾತ್ರ ಪಟ್ಟಿ ಬದಲಿಸಿ, ವಾಟ್ಸ್ಆ್ಯಪ್ ಗುಂಪಿನ ಸುದ್ದಿ ನಂಬಿ ಅಲ್ಲ.

ಕೆಲಸದಲ್ಲಿ ನಾಲ್ಕು ದಿನ ರಜೆ ಸಿಗುವಂತಿದ್ದರೆ ಅಷ್ಟನ್ನೂ ಕೊನೆಗೆ ಇಟ್ಟುಕೊಳ್ಳಬೇಡಿ. ಎರಡನ್ನು ಎರಡನೇ ಅಣಕು ಪರೀಕ್ಷೆಯ ಮರುದಿನದಿಂದ ಬಳಸಿ. ಎಲ್ಲಿ ತಪ್ಪುತ್ತಿದೆ ಎಂದು ಆಗ ಗೊತ್ತಿರುತ್ತದೆ, ಸರಿಪಡಿಸಲು ಇನ್ನೂ ಮೂರು ವಾರ ಇರುತ್ತದೆ.