ಕೊನೆಯ ಮೆಟ್ಟಿಲಲ್ಲೇ ಎಡವುವುದೇಕೆ?

"ಹೊಸ ಮನೆಯ ಮೆಟ್ಟಿಲು ಎತ್ತರ ಆರೂವರೆ ಇಂಚು, ಅಗಲ ಹತ್ತು ಇಂಚು. ಆದರೂ ಮೇಲೆ ಹತ್ತುವಾಗ ಅಮ್ಮ ಕೊನೆಯ ಮೆಟ್ಟಿಲಲ್ಲೇ ಎಡವುತ್ತಾರೆ. ಅಳತೆ ತಪ್ಪೇ?"

ನೀವು ಕೊಟ್ಟ ಅಳತೆಯಲ್ಲಿ ದೊಡ್ಡ ದೋಷವಿಲ್ಲ. ಎತ್ತರದ ಎರಡು ಪಟ್ಟಿಗೆ ಅಗಲ ಕೂಡಿಸಿದರೆ 24ರಿಂದ 25 ಇಂಚು ಬಂದರೆ ಹೆಜ್ಜೆಗೆ ಹಿತ, ನಿಮ್ಮದು 23. ಅಗಲ 11 ಇಂಚು ಇದ್ದಿದ್ದರೆ ಇಳಿಯುವಾಗ ಪಾದ ಪೂರ್ತಿ ಕೂರುತ್ತಿತ್ತು, ಅಷ್ಟೇ.

ನನ್ನ ಅನುಮಾನ ಬೇರೆ. ನೀವು ಅಳೆದದ್ದು ನಡುವಿನ ಒಂದು ಮೆಟ್ಟಿಲನ್ನು ಮಾತ್ರವೇ? ಮೇಲ್ಮಹಡಿಗೆ ಟೈಲ್ಸ್ ಹಾಕುವಾಗ ಗಾರೆ ದಪ್ಪವಾದರೆ ಕೊನೆಯ ಮೆಟ್ಟಿಲೊಂದೇ ಎತ್ತರವಾಗುತ್ತದೆ. ಕಾಲು ಕೆಳಗಿನ ಮೆಟ್ಟಿಲುಗಳ ಲೆಕ್ಕದಲ್ಲೇ ಏಳುತ್ತದೆ, ಬೆರಳು ಅಂಚಿಗೆ ತಾಗುತ್ತದೆ.

ಪ್ರತಿ ಮೆಟ್ಟಿಲಿನ ಅಂಚಿನಿಂದ ರಸಮಟ್ಟವನ್ನು ಮುಂದಕ್ಕೆ ಚಾಚಿ ಹಿಡಿದು, ಕೆಳಗಿನ ಮೆಟ್ಟಿಲಿಗೆ ನೇರವಾಗಿ ಟೇಪು ಬಿಡಿ. ಮೊದಲನೆಯದು, ಕೊನೆಯದು ಸೇರಿ ಎಲ್ಲವನ್ನೂ ಬರೆದುಕೊಳ್ಳಿ. ಐದು ಮಿಲಿಮೀಟರಿಗಿಂತ ಹೆಚ್ಚು ಏರುಪೇರು ಇದ್ದರೆ ಸರಿಪಡಿಸುವುದೇ ಲೇಸು.

ಹದಿನಾರು ಏರುಗಳಲ್ಲಿ ಹದಿನೈದು ಆರೂವರೆ, ಕೊನೆಯದು ಏಳೂವರೆ ಇಂಚು ಎಂದುಕೊಳ್ಳಿ. ಮೇಸ್ತ್ರಿ "ಮಹಡಿಗೆ ಮುಂಚಿನ ಮೆಟ್ಟಿಲನ್ನಷ್ಟೇ ಒಂದಿಂಚು ಏರಿಸೋಣ" ಎಂದರೆ ಒಪ್ಪಬೇಡಿ. ತೊಂದರೆ ಒಂದು ಮೆಟ್ಟಿಲು ಕೆಳಗೆ ಸರಿಯುತ್ತದೆ, ಹೋಗುವುದಿಲ್ಲ. ಆ ಒಂದಿಂಚನ್ನು ಎಲ್ಲಕ್ಕೂ ಹಂಚಬೇಕು: ಮೊದಲ ಮೆಟ್ಟಿಲನ್ನು ಇಂಚಿನ ಹದಿನಾರನೇ ಒಂದು ಭಾಗ, ಎಂಟನೆಯದನ್ನು ಅರ್ಧ ಇಂಚು, ಹೀಗೆ ಕ್ರಮವಾಗಿ ಏರಿಸುತ್ತಾ ಹೋಗಬೇಕು. ಅಂದರೆ ಕಲ್ಲು ಎಬ್ಬಿಸುವ ಕೆಲಸ, ಖರ್ಚು ಇದ್ದೇ ಇದೆ. ಅಲ್ಲಿಯವರೆಗೆ ಕೊನೆಯ ಅಂಚಿಗೆ ಎದ್ದು ಕಾಣುವ ಬಣ್ಣದ ಜಾರದ ಪಟ್ಟಿ ಅಂಟಿಸಿ, ಕೈ ಹಿಡಿಯುವ ಕಂಬಿ ಆ ಮೆಟ್ಟಿಲನ್ನು ದಾಟಿ ಮುಂದುವರಿದಿದೆಯೇ ನೋಡಿ.