ಗ್ರಾಂ ಕೊಟ್ಟಾಗ ಲಿಮಿಟಿಂಗ್ ರಿಯೇಜೆಂಟ್ ಮತ್ತು ಶೇಕಡಾ ಇಳುವರಿ

ಪ್ರಶ್ನೆ: 5.4 ಗ್ರಾಂ ಅಲ್ಯೂಮಿನಿಯಂ, 14.2 ಗ್ರಾಂ ಕ್ಲೋರಿನ್ ಸೇರಿ 16.0 ಗ್ರಾಂ AlCl₃ ಸಿಕ್ಕಿದೆ. ಅಲ್ಯೂಮಿನಿಯಂ ಕಡಿಮೆ ಇರುವುದರಿಂದ ಅದೇ ಲಿಮಿಟಿಂಗ್ ಅಲ್ಲವೇ? ಇಳುವರಿ ಎಷ್ಟು?

ಉತ್ತರ: ಅಲ್ಲ, ಇಲ್ಲಿ ಮೊದಲು ಮುಗಿಯುವುದು ಕ್ಲೋರಿನ್. ಗ್ರಾಂ ನೋಡಿ ತೀರ್ಮಾನಿಸಬೇಡಿ, ಮೊದಲು ಮೋಲ್‌ಗೆ ಬದಲಿಸಿ.

2Al + 3Cl₂ → 2AlCl₃

Al: 5.4 ÷ 27 = 0.20 ಮೋಲ್
Cl₂: 14.2 ÷ 71 = 0.20 ಮೋಲ್

ಮೋಲ್ ಸಮವಾಗಿದ್ದರೂ ಸಮೀಕರಣದ ಗುಣಾಂಕಗಳು ಸಮವಿಲ್ಲ. 0.20 ಮೋಲ್ ಅಲ್ಯೂಮಿನಿಯಂ ಪೂರ್ತಿ ಖರ್ಚಾಗಲು 0.30 ಮೋಲ್ ಕ್ಲೋರಿನ್ ಬೇಕು, ಇರುವುದು 0.20 ಮಾತ್ರ. ಆದ್ದರಿಂದ ಉತ್ಪನ್ನವನ್ನು ಕ್ಲೋರಿನ್‌ನಿಂದಲೇ ಲೆಕ್ಕ ಹಾಕಬೇಕು:

0.20 × 2/3 × 133.5 = 17.8 ಗ್ರಾಂ

ಇದು ಸೈದ್ಧಾಂತಿಕ ಇಳುವರಿ. ಶೇಕಡಾ ಇಳುವರಿ 16.0 ÷ 17.8 × 100, ಅಂದರೆ ಸುಮಾರು 90%.

ಅಲ್ಯೂಮಿನಿಯಂನಿಂದ ಲೆಕ್ಕ ಹಾಕಿದ್ದರೆ 26.7 ಗ್ರಾಂ ಬರುತ್ತಿತ್ತು. ಹಾಕಿದ್ದೇ ಒಟ್ಟು 19.6 ಗ್ರಾಂ, ಅದಕ್ಕಿಂತ ಹೆಚ್ಚು ಉತ್ಪನ್ನ ಎಲ್ಲಿಂದ ಬರಬೇಕು? ತಪ್ಪು ಅಲ್ಲೇ ಗೊತ್ತಾಗುತ್ತದೆ. ಸರಿಯಾದ ಲೆಕ್ಕದಲ್ಲಿ 1.8 ಗ್ರಾಂ ಅಲ್ಯೂಮಿನಿಯಂ ಉಳಿಯುತ್ತದೆ, 17.8 ಕೂಡಿಸಿದರೆ ಸರಿಯಾಗಿ 19.6.

ಪ್ರಯೋಗದಲ್ಲಿ ಇಳುವರಿ 100% ದಾಟಿದರೆ ತೂಕವನ್ನು ಅನುಮಾನಿಸಿ: AlCl₃ ಗಾಳಿಯ ತೇವವನ್ನು ಬೇಗ ಹೀರುತ್ತದೆ.