ಭ್ರೂಣದ ಕ್ರೋಮೋಸೋಮ್ ಎಣಿಸಿದರೆ ಮಗು ಖಚಿತವೇ?

ನನಗೆ 34 ವರ್ಷ. ಮೊದಲ ಐವಿಎಫ್‌ನಲ್ಲಿ ಐದು ಒಳ್ಳೆಯ ಬ್ಲಾಸ್ಟೋಸಿಸ್ಟ್‌ಗಳು, ಅಂದರೆ ಐದಾರು ದಿನ ಬೆಳೆದ ಭ್ರೂಣಗಳು, ಸಿಕ್ಕಿವೆ. ಇದುವರೆಗೆ ಗರ್ಭಪಾತ ಆಗಿಲ್ಲ. ಭ್ರೂಣದ ಕ್ರೋಮೋಸೋಮ್ ಎಣಿಸುವ ಪಿಜಿಟಿ-ಎ ಪರೀಕ್ಷೆ ಮಾಡಿಸಿದರೆ ಗರ್ಭ ನಿಲ್ಲುವುದು ಖಚಿತ ಎನ್ನುತ್ತಾರೆ. ಮಾಡಿಸಲೇ?

ಖಚಿತ ಎಂದವರ ಮಾತನ್ನು ನಂಬಬೇಡಿ. ಈ ಪರೀಕ್ಷೆ ಯಾವ ಭ್ರೂಣವನ್ನೂ ಸರಿಪಡಿಸುವುದಿಲ್ಲ. ಇರುವ ಭ್ರೂಣಗಳಲ್ಲಿ ಯಾವುದನ್ನು ಮೊದಲು ಗರ್ಭಕೋಶಕ್ಕೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನಷ್ಟೇ ಸೂಚಿಸುತ್ತದೆ. ಇಷ್ಟನ್ನು ಹೇಳದೆ ಪರೀಕ್ಷೆ ಮಾರುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಐದನೇ ಅಥವಾ ಆರನೇ ದಿನ ಭ್ರೂಣದ ಹೊರಪದರದಿಂದ ಲೇಸರ್ ನೆರವಿನಿಂದ ಐದರಿಂದ ಹತ್ತು ಕೋಶಗಳನ್ನು ತೆಗೆದು, ಭ್ರೂಣವನ್ನು ಶೈತ್ಯದಲ್ಲಿಟ್ಟು, ತೆಗೆದ ಕೋಶಗಳಲ್ಲಿ ಕ್ರೋಮೋಸೋಮ್‌ಗಳ ಸಂಖ್ಯೆ ಸರಿಯಿದೆಯೇ ಎಂದು ನೋಡಲಾಗುತ್ತದೆ. ಈ ಹೊರಪದರ ಮುಂದೆ ಮಾಸು ಆಗುವ ಭಾಗ. ಮಗುವಾಗುವ ಒಳಗಿನ ಗುಂಪನ್ನು ಯಾರೂ ಮುಟ್ಟುವುದಿಲ್ಲ. ಹೆಚ್ಚಿನ ಸಲ ಹೊರಪದರದ ಮತ್ತು ಒಳಗುಂಪಿನ ಕ್ರೋಮೋಸೋಮ್ ಸಂಖ್ಯೆಗಳು ಹೊಂದುತ್ತವೆ, ಎಲ್ಲ ಸಲವೂ ಅಲ್ಲ. ಕೆಲವು ಭ್ರೂಣಗಳಲ್ಲಿ ಸರಿಯಾದ ಮತ್ತು ತಪ್ಪು ಸಂಖ್ಯೆಯ ಕೋಶಗಳು ಬೆರೆತಿರುತ್ತವೆ, ಅಂಥವನ್ನು ವರದಿಯಲ್ಲಿ ಮೊಸಾಯಿಕ್ ಎಂದು ಬರೆಯುತ್ತಾರೆ.

ನಿಮ್ಮ ಐದನ್ನೇ ತೆಗೆದುಕೊಳ್ಳಿ. ಮೂರು ಸರಿ, ಒಂದರಲ್ಲಿ 16ನೇ ಕ್ರೋಮೋಸೋಮ್ ಒಂದು ಹೆಚ್ಚು, ಒಂದು ಮೊಸಾಯಿಕ್ ಎಂದು ವರದಿ ಬಂದಿತೆಂದುಕೊಳ್ಳೋಣ. ಪರೀಕ್ಷೆ ಮಾಡಿಸದೆ ಒಂದೊಂದಾಗಿ ಬಿಟ್ಟಿದ್ದರೂ ಆ ಮೂರು ಸರಿಯಾದವು ನಿಮಗೆ ಇದ್ದೇ ಇರುತ್ತಿದ್ದವು. 16ರ ದೋಷವಿರುವುದು ಅಂಟದೆ ಹೋಗುತ್ತಿತ್ತು, ಅಥವಾ ಕೆಲವು ವಾರಗಳಲ್ಲಿ ಗರ್ಭಪಾತವಾಗುತ್ತಿತ್ತು. ಆ ನೋವು ಮತ್ತು ಕೆಲವು ತಿಂಗಳು ಉಳಿಯುವುದು ಪರೀಕ್ಷೆಯ ನಿಜವಾದ ಲಾಭ. ಅದು ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಮೊಸಾಯಿಕ್ ಎಂದು ಬರೆದದ್ದನ್ನು ಎಸೆದರೆ ಮಗುವಾಗಬಹುದಾದ ಒಂದು ಭ್ರೂಣವೇ ಹೋಗಬಹುದು: ಇಟಲಿಯ ವೈದ್ಯರು 2015ರಲ್ಲಿ ಪ್ರಕಟಿಸಿದಂತೆ, ಅಂಥ ಭ್ರೂಣಗಳನ್ನೇ ಪಡೆದ 18 ಮಹಿಳೆಯರಲ್ಲಿ ಆರು ಮಂದಿಗೆ ಆರೋಗ್ಯವಂತ ಮಕ್ಕಳಾದರು. ಹೀಗಾಗಿ ಐದು ಭ್ರೂಣಗಳಿಂದ ಹುಟ್ಟಬಹುದಾದ ಮಕ್ಕಳ ಒಟ್ಟು ಸಂಖ್ಯೆ ಪರೀಕ್ಷೆಯಿಂದ ಹೆಚ್ಚುವುದಿಲ್ಲ. ಹೆಚ್ಚೆಂದರೆ ಅಷ್ಟೇ ಇರುತ್ತದೆ, ಇಲ್ಲವೇ ಕಡಿಮೆಯಾಗುತ್ತದೆ.

ಇದು ಬರಿಯ ತರ್ಕವಲ್ಲ. ಚೀನಾದಲ್ಲಿ 20ರಿಂದ 37 ವರ್ಷದ, ಕನಿಷ್ಠ ಮೂರು ಒಳ್ಳೆಯ ಬ್ಲಾಸ್ಟೋಸಿಸ್ಟ್ ಇದ್ದ 1,212 ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆ ಮಾಡಿಸಿದವರಲ್ಲಿ ಶೇ. 77.2 ಮಂದಿಗೂ, ಮಾಡಿಸದವರಲ್ಲಿ ಶೇ. 81.8 ಮಂದಿಗೂ ಮಗುವಾಯಿತು. ಗರ್ಭಪಾತ ಮಾತ್ರ ಪರೀಕ್ಷೆಯ ಗುಂಪಿನಲ್ಲಿ ಕಡಿಮೆ, ಶೇ. 12.6ರ ಬದಲು 8.7. ನೀವು ಬಹುಮಟ್ಟಿಗೆ ಈ ಮಹಿಳೆಯರಂಥವರೇ.

ಹಾಗಾದರೆ ಜಾಹೀರಾತಿನ ದೊಡ್ಡ ಅಂಕಿಗಳು ಎಲ್ಲಿಂದ ಬಂದವು? ಅವು ಪ್ರತಿ ವರ್ಗಾವಣೆಯ, ಅಂದರೆ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟ ಪ್ರತಿ ಸಲದ, ಲೆಕ್ಕ. ಪರೀಕ್ಷೆಯ ನಂತರ ಒಂದೂ ಸರಿಯಾದ ಭ್ರೂಣ ಉಳಿಯದೆ ಬರಿಗೈಯಲ್ಲಿ ಮನೆಗೆ ಹೋದವರು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ. ಸ್ಟಾರ್ ಎಂಬ 2019ರ ಅಧ್ಯಯನದಲ್ಲಿ 35ರಿಂದ 40ರ ವಯಸ್ಸಿನವರಲ್ಲಿ ಪರೀಕ್ಷೆ ಮಾಡಿಸಿದಾಗ ವರ್ಗಾವಣೆಗೆ ಶೇ. 37ರ ಬದಲು ಶೇ. 51ರಷ್ಟು ಗರ್ಭ ಮುಂದುವರಿಯಿತು. ಆದರೆ ಆರಂಭಿಸಿದ ಎಲ್ಲರನ್ನೂ ಸೇರಿಸಿ ಎಣಿಸಿದಾಗ ಆ ಅಂತರ ನಿಲ್ಲಲಿಲ್ಲ. ಪರ ವಿರೋಧದ ವಾದವೆಲ್ಲ ಯಾರನ್ನು ಎಣಿಸಬೇಕು ಎಂಬಲ್ಲೇ ಇದೆ.

38 ದಾಟಿ ಹಲವು ಭ್ರೂಣಗಳಿರುವವರಿಗೆ ಅಥವಾ ಗರ್ಭಪಾತಗಳು ಮರುಕಳಿಸಿದವರಿಗೆ ನಾನು ಬೇಡವೆನ್ನುವುದಿಲ್ಲ. ಅವರಿಗೆ ಸಮಯ ಉಳಿಯುತ್ತದೆ. 42ರಲ್ಲಿ ಒಂದೇ ಭ್ರೂಣವಿದ್ದರೆ ಆರಿಸುವುದಕ್ಕೆ ಏನೂ ಇಲ್ಲ. ನಿಮ್ಮ ಸ್ಥಿತಿಯಲ್ಲಿ ನಾನು ಮಾಡಿಸುತ್ತಿರಲಿಲ್ಲ. ಆ ಹಣ ಮುಂದಿನ ವರ್ಗಾವಣೆಗಳಿಗಿರಲಿ. ಆದರೂ ಮಾಡಿಸುವಿರಾದರೆ, ಮೊಸಾಯಿಕ್ ಭ್ರೂಣಗಳನ್ನು ಎಸೆಯುವರೋ ಇಟ್ಟುಕೊಳ್ಳುವರೋ ಎಂಬುದನ್ನು ಸಹಿ ಹಾಕುವ ಮುನ್ನ ಬರವಣಿಗೆಯಲ್ಲಿ ಪಡೆಯಿರಿ.

ವರದಿ ಸರಿ ಬಂದರೆ ಗರ್ಭಿಣಿಯಾದ ಮೇಲೆ ಡೌನ್ ಸಿಂಡ್ರೋಮ್ ತಪಾಸಣೆ ಬಿಡಬಹುದೇ?

ಬಿಡಬೇಡಿ.

ನಾವಿಬ್ಬರೂ ಥಲಸ್ಸೇಮಿಯಾ ವಾಹಕರು. ಇದೇ ಪರೀಕ್ಷೆ ಸಾಕೇ?

ಸಾಲದು, ಇದು ಕ್ರೋಮೋಸೋಮ್ ಎಣಿಸುತ್ತದೆ, ಒಂದು ಜೀನಿನ ದೋಷವನ್ನು ಹುಡುಕುವುದಿಲ್ಲ. ನಿಮಗೆ ಬೇಕಾದದ್ದು ಪಿಜಿಟಿ-ಎಂ ಎಂಬ ಬೇರೆ ಪರೀಕ್ಷೆ.

ಅಂಡಾಣುವಿನ ಕ್ರೋಮೋಸೋಮ್ ಸರಿಪಡಿಸುವ ಚೂರ್ಣವಿದೆಯಂತೆ, ಮೂರು ತಿಂಗಳ ಕೋರ್ಸ್.

ಅಂಥ ಚೂರ್ಣ ಇಲ್ಲ. 40ರ ಸುಮಾರಿನಲ್ಲಿ ಮೂರು ತಿಂಗಳು ಎಂದರೆ ಹಣಕ್ಕಿಂತ ದೊಡ್ಡ ನಷ್ಟ, ಅದನ್ನು ಮಾರುವವನು ಅದನ್ನು ಕಟ್ಟಿಕೊಡುವುದಿಲ್ಲ.

ಹೇಗೂ ಎಲ್ಲ ಕ್ರೋಮೋಸೋಮ್ ನೋಡುತ್ತಾರಲ್ಲ, ಗಂಡೋ ಹೆಣ್ಣೋ ಎಂದು ಗುಟ್ಟಾಗಿ ಕೇಳಬಹುದೇ?

ಅದು ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅಪರಾಧ. ಇನ್ನೊಮ್ಮೆ ಈ ಪ್ರಶ್ನೆಯನ್ನು ನನಗೆ ಕಳಿಸಬೇಡಿ.